ಇದಾಫ ಕಟ್ಟುವುದು ಹೇಗೆ: ಮೊದಲ ನಾಮಪದಕ್ಕೆ 'ಅಲ್' ಏಕೆ ಹತ್ತುವುದಿಲ್ಲ

'ಮೇಷ್ಟರ ಪುಸ್ತಕ' ಎಂಬಂತೆ ಒಂದು ನಾಮಪದವನ್ನು ಇನ್ನೊಂದಕ್ಕೆ ಸೇರಿಸುವುದಕ್ಕೆ ಅರಬಿಯಲ್ಲಿ ಇದಾಫ ಎನ್ನುತ್ತಾರೆ. ನಾಮಪದದ ಮುಂದೆ ಹತ್ತುವ 'ಅಲ್' ಇಂಗ್ಲಿಷಿನ 'ದ' ಇದ್ದಂತೆ. ಅರಬಿ ಕಲಿಯಲು ಹೊರಟ ಕನ್ನಡಿಗರು 'ಮೇಷ್ಟರ ಪುಸ್ತಕ' ಎನ್ನಬೇಕಾದ ಕಡೆ 'ಅಲ್-ಕಿತಾಬು ಅಲ್-ಮುದರ್ರಿಸು' ಎಂದು ಬರೆಯುತ್ತಾರೆ. ತಿದ್ದಿದರೆ ಒಪ್ಪಿಕೊಳ್ಳುತ್ತಾರೆ, ಮರುದಿನ ಮತ್ತೆ ಹಾಗೆಯೇ ಬರೆಯುತ್ತಾರೆ. 'ಮೊದಲ ಪದಕ್ಕೆ ಅಲ್ ಹಾಕಬೇಡಿ' ಎಂಬ ಸೂತ್ರವನ್ನು ಬಾಯಿಪಾಠ ಮಾಡಿದರೆ ಈ ತಪ್ಪು ಹೋಗುವುದಿಲ್ಲ. ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು, ಯಾವ ತೀರ್ಮಾನವನ್ನು ಮೊದಲು ಮಾಡಬೇಕು ಎಂಬುದು ಕೈಗೆ ಬಂದರೆ ತಾನಾಗಿಯೇ ಹೋಗುತ್ತದೆ. ಆ ಕ್ರಮವನ್ನು ಇಲ್ಲಿ ಒಂದೊಂದಾಗಿ ಬಿಡಿಸಿದೆ.

ಇಲ್ಲಿ ಹೇಳುವುದೆಲ್ಲ ಬರಹದ ಅರಬಿಗೆ, ಎಂದರೆ ಕುರ್‌ಆನ್, ಪತ್ರಿಕೆ ಮತ್ತು ಕಚೇರಿ ಪತ್ರಗಳ ಭಾಷೆಗೆ ಅನ್ವಯಿಸುತ್ತದೆ. ಉದಾಹರಣೆಗಳಲ್ಲಿರುವ ಅಡ್ಡಗೆರೆ ಪದ ಎಲ್ಲಿ ಒಡೆಯುತ್ತದೆ ಎಂದು ತೋರಿಸಲು ಮಾತ್ರ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಮೂರು ಸಂಗತಿಗಳು ಗೊತ್ತಿದ್ದರೆ ಸಾಕು. ಮೊದಲನೆಯದು ವಿಭಕ್ತಿ. ಕನ್ನಡದಲ್ಲಿ ವಿಭಕ್ತಿಗಳು ಏಳು, ಅರಬಿಯಲ್ಲಿ ಮೂರೇ. ಕರ್ತೃವಿಗೆ 'ಉ', ಕರ್ಮಕ್ಕೆ 'ಅ', ಸಂಬಂಧಕ್ಕೂ ಉಪಸರ್ಗದ ನಂತರಕ್ಕೂ 'ಇ'. ಕಿತಾಬು, ಕಿತಾಬ, ಕಿತಾಬಿ.

ಎರಡನೆಯದು ತನ್ವೀನ್, ಎಂದರೆ ಆ ಸ್ವರದ ನಂತರ ಕೇಳುವ 'ನ್'. 'ಕಿತಾಬುನ್' ಎಂದರೆ ಒಂದು ಪುಸ್ತಕ, ಯಾವುದೋ ಪುಸ್ತಕ. 'ಅಲ್-ಕಿತಾಬು' ಎಂದರೆ ಆ ಪುಸ್ತಕ, ನಮಗೆ ಗೊತ್ತಿರುವ ಪುಸ್ತಕ. ಮೊದಲನೆಯದಕ್ಕೆ ಅರಬಿ ವ್ಯಾಕರಣದಲ್ಲಿ ನಕಿರ ಎನ್ನುತ್ತಾರೆ, ಎರಡನೆಯದಕ್ಕೆ ಮಅರಿಫ. ಇವುಗಳನ್ನು ಅನಿರ್ದಿಷ್ಟ, ನಿರ್ದಿಷ್ಟ ಎಂದುಕೊಳ್ಳೋಣ.

ಮೂರನೆಯದು ಎರಡು ಹೆಸರುಗಳು. ಇದಾಫದ ಮೊದಲ ಪದ ಮುದಾಫ್, ಅದನ್ನು ಯಾವುದಕ್ಕೆ ಸೇರಿಸುತ್ತೇವೋ ಆ ಎರಡನೆಯ ಪದ ಮುದಾಫ್ ಇಲೈಹಿ. 'ಮೇಷ್ಟರ ಪುಸ್ತಕ'ದಲ್ಲಿ ಪುಸ್ತಕ ಮುದಾಫ್, ಮೇಷ್ಟರು ಮುದಾಫ್ ಇಲೈಹಿ.

## ಹಂತ 1: ಕನ್ನಡದ ಕ್ರಮವನ್ನು ತಿರುಗಿಸಿ

ಕನ್ನಡದಲ್ಲಿ ಒಡೆಯ ಮುಂದೆ, ಒಡವೆ ಹಿಂದೆ: ಮೇಷ್ಟರ ಪುಸ್ತಕ. ಅರಬಿಯಲ್ಲಿ ಒಡವೆ ಮೊದಲು ಬರುತ್ತದೆ: ಕಿತಾಬ್, ಆಮೇಲೆ ಮುದರ್ರಿಸ್. ಸದ್ಯಕ್ಕೆ ಅಲ್ ಬೇಡ, ತನ್ವೀನ್ ಬೇಡ, ವಿಭಕ್ತಿಯೂ ಬೇಡ. ಬರಿಯ ಪದಗಳನ್ನು ಪಕ್ಕಪಕ್ಕದಲ್ಲಿ ಇಡಿ.

ಸರಪಳಿ ಉದ್ದವಾದರೂ ಇದೇ ವಿಧಾನ. 'ಮೇಷ್ಟರ ಮನೆಯ ಬಾಗಿಲು' ಎಂಬುದನ್ನು ಕೊನೆಯಿಂದ ಓದಿ: ಬಾಬ್, ಬೈತ್, ಮುದರ್ರಿಸ್.

## ಹಂತ 2: ಕೊನೆಯ ಪದವನ್ನು ಮೊದಲು ತೀರ್ಮಾನಿಸಿ

ಹೆಚ್ಚಿನವರು ಎಡವುವುದು ಇಲ್ಲಿ. ಬರೆಯುವಾಗ ಮೊದಲು ಬರುವುದು 'ಕಿತಾಬ್' ಆದ್ದರಿಂದ ಅದಕ್ಕೆ ಅಲ್ ಬೇಕೋ ಬೇಡವೋ ಎಂದು ಅಲ್ಲಿಯೇ ಯೋಚಿಸುತ್ತಾರೆ. ಆ ಪ್ರಶ್ನೆಯನ್ನು ಆ ಪದಕ್ಕೆ ಕೇಳಲೇಬಾರದು. ಕೊನೆಯ ಪದಕ್ಕೆ ಮಾತ್ರ ಕೇಳಿ: ಗೊತ್ತಿರುವ ಮೇಷ್ಟರೋ, ಯಾರೋ ಒಬ್ಬ ಮೇಷ್ಟರೋ?

ಗೊತ್ತಿರುವವರಾದರೆ 'ಅಲ್-ಮುದರ್ರಿಸಿ', ಯಾರೋ ಒಬ್ಬರಾದರೆ 'ಮುದರ್ರಿಸಿನ್'. ಎರಡರಲ್ಲೂ 'ಇ'ಕಾರವಿದೆ, ಏಕೆಂದರೆ ಮುದಾಫ್ ಇಲೈಹಿ ಯಾವಾಗಲೂ ಸಂಬಂಧ ವಿಭಕ್ತಿಯಲ್ಲೇ ಇರುತ್ತದೆ. 'ಮೇಷ್ಟರ' ಎಂಬಲ್ಲಿ ಷಷ್ಠಿಯ ಗುರುತು ಹೇಗೆ ಒಡೆಯನ ಮೇಲಿದೆಯೋ ಹಾಗೆಯೇ ಇಲ್ಲಿಯೂ. ಈ ಒಂದು ವಿಷಯದಲ್ಲಿ ಕನ್ನಡದ ಅಭ್ಯಾಸ ನಿಮಗೆ ನೆರವಾಗುತ್ತದೆ.

ಕೊನೆಯ ಪದ ವ್ಯಕ್ತಿಯ ಅಥವಾ ಊರಿನ ಹೆಸರಾಗಿದ್ದರೆ ಅದು ಅಲ್ ಇಲ್ಲದೆಯೇ ನಿರ್ದಿಷ್ಟ. 'ಕಿತಾಬು ಮುಹಮ್ಮದಿನ್' ಎಂಬಲ್ಲಿ ಕೊನೆಗೆ ತನ್ವೀನ್ ಇದೆ, ಆದರೂ ಅದು ಮುಹಮ್ಮದನ ಆ ಪುಸ್ತಕವೇ. ತನ್ವೀನ್ ಕಂಡ ಕೂಡಲೇ ಅನಿರ್ದಿಷ್ಟ ಎಂದುಕೊಳ್ಳಬೇಡಿ, ಅದು ಹೆಸರೋ ಅಲ್ಲವೋ ನೋಡಿ.

## ಹಂತ 3: ಮೊದಲ ಪದದಿಂದ ಕಳಚಬೇಕಾದದ್ದನ್ನು ಕಳಚಿ

ಈಗ ಮುದಾಫ್‌ಗೆ ಬನ್ನಿ. ಅದರಿಂದ ಅಲ್ ಹೋಗಬೇಕು, ತನ್ವೀನ್ ಹೋಗಬೇಕು, ದ್ವಿವಚನದ ಅಥವಾ '-ಊನ' ಬಹುವಚನದ ಕೊನೆಯ ನಕಾರವೂ ಹೋಗಬೇಕು. ಅಲ್ ತೆಗೆದವರು ತನ್ವೀನ್ ಮರೆಯುತ್ತಾರೆ. 'ಕಿತಾಬುನ್ ಅಲ್-ಮುದರ್ರಿಸಿ' ಎಂದರೆ ಇದಾಫ ಮುರಿದುಬಿತ್ತು. ಸರಿಯಾದದ್ದು 'ಕಿತಾಬು-ಲ್-ಮುದರ್ರಿಸಿ'. ಹಿಂದಿನ 'ಉ' ಬಂದು ಕೂಡಿದಾಗ ಅಲ್‌ನ 'ಅ' ಉಚ್ಚಾರದಲ್ಲಿ ಕರಗಿ 'ಲ್' ಮಾತ್ರ ಉಳಿಯುತ್ತದೆ.

ನಕಾರ ಬೀಳುವುದನ್ನು ಒಂದು ಪ್ರಸಿದ್ಧ ಸಾಲಿನಲ್ಲೇ ನೋಡಬಹುದು. ಕುರ್‌ಆನಿನ 111ನೆಯ ಅಧ್ಯಾಯ 'ತಬ್ಬತ್ ಯದಾ ಅಬೀ ಲಹಬಿನ್' ಎಂದು ಶುರುವಾಗುತ್ತದೆ. ಎರಡು ಕೈಗಳು ಎಂಬುದಕ್ಕೆ ಪೂರ್ಣ ರೂಪ 'ಯದಾನಿ'. ಇಲ್ಲಿ ಅದು ಅಬೂ ಲಹಬನ ಕೈಗಳು ಎಂದು ಇದಾಫಕ್ಕೆ ಸೇರಿದ್ದರಿಂದ 'ನಿ' ಬಿದ್ದು 'ಯದಾ' ಆಯಿತು. 'ಮುದರ್ರಿಸೂನ' (ಮೇಷ್ಟರುಗಳು) ಎಂಬುದು ಶಾಲೆಗೆ ಸೇರಿದಾಗ 'ಮುದರ್ರಿಸೂ-ಲ್-ಮದ್ರಸತಿ' ಆಗುವುದೂ ಇದೇ ಕಾರಣಕ್ಕೆ.

ಆದರೆ ಕಂಡ ನಕಾರವನ್ನೆಲ್ಲ ಕಿತ್ತುಹಾಕಬಾರದು. 'ಬುಸ್ತಾನ್' (ತೋಟ) ಎಂಬ ಪದದ ಕೊನೆಯ ನಕಾರ ಪದದ್ದೇ, ದ್ವಿವಚನದ ಪ್ರತ್ಯಯವಲ್ಲ. ಅದು 'ಬುಸ್ತಾನು-ಲ್-ಮುದರ್ರಿಸಿ' ಎಂದು ಉಳಿಯುತ್ತದೆ. ಅನುಮಾನ ಬಂದರೆ ನಿಘಂಟಿನಲ್ಲಿ ಏಕವಚನ ನೋಡಿ. ಏಕವಚನದಲ್ಲೇ ನಕಾರವಿದ್ದರೆ ಮುಟ್ಟಬೇಡಿ.

ಇನ್ನೊಂದು ಬದಲಾವಣೆ ಕಿವಿಗೆ ಮಾತ್ರ ಗೊತ್ತಾಗುತ್ತದೆ. ಸಯ್ಯಾರ (ಕಾರು), ಮದ್ರಸ, ಲೈಲ (ರಾತ್ರಿ) ಮುಂತಾದ ಸ್ತ್ರೀಲಿಂಗ ಪದಗಳ ಕೊನೆಗೆ ಬರೆಯುವ ಗೋಲಾಕಾರದ 'ತ' ಅಕ್ಷರ ಬಿಡಿಯಾಗಿ ನಿಂತು ಹೇಳಿದಾಗ ಕೇಳಿಸುವುದಿಲ್ಲ. ಇದಾಫದಲ್ಲಿ ಮುದಾಫ್ ಆದಾಗ ಕೇಳಿಸಲೇಬೇಕು: ಸಯ್ಯಾರತು-ಲ್-ಮುದೀರಿ, ಲೈಲತು-ಲ್-ಕದ್ರಿ. 'ಸಯ್ಯಾರ ಅಲ್-ಮುದೀರ್' ಎಂದು ಯಾರಾದರೂ ಓದಿದರೆ ಅವರು ಅದನ್ನು ಇದಾಫ ಎಂದು ಗುರುತಿಸಿಲ್ಲ ಎಂದೇ ಅರ್ಥ.

## ಹಂತ 4: ಮೊದಲ ಪದದ ವಿಭಕ್ತಿಯನ್ನು ವಾಕ್ಯದಿಂದ ತನ್ನಿ

ಮುದಾಫ್ ಇಲೈಹಿ ಕದಲುವುದಿಲ್ಲ, ಮುದಾಫ್ ಕದಲುತ್ತದೆ. ವಾಕ್ಯದಲ್ಲಿ ಅದು ಮಾಡುವ ಕೆಲಸಕ್ಕೆ ತಕ್ಕ ಸ್ವರ ಅದಕ್ಕೆ ಬರುತ್ತದೆ.

'ಮೇಷ್ಟರ ಪುಸ್ತಕ ಹೊಸದು' ಎನ್ನುವಾಗ ಕಿತಾಬು-ಲ್-ಮುದರ್ರಿಸಿ ಜದೀದುನ್. 'ಮೇಷ್ಟರ ಪುಸ್ತಕವನ್ನು ಓದಿದೆ' ಎನ್ನುವಾಗ ಕರಅತು ಕಿತಾಬ-ಲ್-ಮುದರ್ರಿಸಿ. 'ಮೇಷ್ಟರ ಪುಸ್ತಕದಲ್ಲಿ' ಎನ್ನುವಾಗ ಫೀ ಕಿತಾಬಿ-ಲ್-ಮುದರ್ರಿಸಿ. ಮೂರರಲ್ಲೂ ಕೊನೆಯ ಪದ 'ಮುದರ್ರಿಸಿ'ಯೇ.

## ಹಂತ 5: ವಿಶೇಷಣವನ್ನು ಹೊರಗೆ ಕಳುಹಿಸಿ

ಮುದಾಫ್‌ಗೂ ಮುದಾಫ್ ಇಲೈಹಿಗೂ ನಡುವೆ ವಿಶೇಷಣವನ್ನು ತುರುಕಲು ಜಾಗವಿಲ್ಲ. ಕನ್ನಡದ 'ಮನೆಬಾಗಿಲು' ಎಂಬ ಸಮಾಸವನ್ನು ನೆನೆಸಿಕೊಳ್ಳಿ. ದೊಡ್ಡ ಮನೆಬಾಗಿಲು ಎನ್ನಬಹುದು, 'ಮನೆದೊಡ್ಡಬಾಗಿಲು' ಎನ್ನಲಾಗದು. ಇದಾಫವೂ ಅಷ್ಟೇ ಬಿಗಿ. ವಿಶೇಷಣ ಇಡೀ ಜೋಡಿಯ ನಂತರ ಬರುತ್ತದೆ, ಅದು ಯಾರಿಗೆ ಸೇರಿದ್ದು ಎಂಬುದನ್ನು ಕೊನೆಯ ಸ್ವರ ಹೇಳುತ್ತದೆ.

ಕಿತಾಬು-ಲ್-ಮುದರ್ರಿಸಿ-ಲ್-ಜದೀದು: ಮೇಷ್ಟರ ಹೊಸ ಪುಸ್ತಕ. 'ಜದೀದು' ಎಂಬುದರ 'ಉ' ಕಿತಾಬು ಎಂಬುದರ 'ಉ'ಗೆ ಹೊಂದಿದೆ.

ಕಿತಾಬು-ಲ್-ಮುದರ್ರಿಸಿ-ಲ್-ಜದೀದಿ: ಹೊಸ ಮೇಷ್ಟರ ಪುಸ್ತಕ. ಇಲ್ಲಿ 'ಇ'ಗೆ 'ಇ' ಹೊಂದಿದೆ.

ಮೊದಲ ಉದಾಹರಣೆಯನ್ನು ಇನ್ನೊಮ್ಮೆ ನೋಡಿ, ಈ ಇಡೀ ವಿಷಯದ ಕೀಲಿ ಅದರಲ್ಲಿದೆ. ಹೊಸದು ಪುಸ್ತಕ. ಪುಸ್ತಕಕ್ಕೆ ಅಲ್ ಇಲ್ಲ. ಆದರೂ ಅದರ ವಿಶೇಷಣಕ್ಕೆ ಅಲ್ ಬಂದಿದೆ. ಅರಬಿಯಲ್ಲಿ ವಿಶೇಷಣ ತನ್ನ ನಾಮಪದದ ನಿರ್ದಿಷ್ಟತೆಯನ್ನೇ ಅನುಸರಿಸುತ್ತದೆ. ಅಂದಮೇಲೆ 'ಕಿತಾಬು' ಅಲ್ ಇಲ್ಲದೆಯೂ ಪೂರ್ತಿ ನಿರ್ದಿಷ್ಟವೇ. ಅದು ಬೇಕಾದದ್ದನ್ನು ಮುದಾಫ್ ಇಲೈಹಿಯಿಂದ ಪಡೆದುಕೊಂಡಾಗಿದೆ.

'ಈ' ಎಂಬ ನಿರ್ದೇಶಕಕ್ಕೂ ಇಂಥದೇ ಗತಿ. 'ಹಾದಾ ಕಿತಾಬು-ಲ್-ಮುದರ್ರಿಸಿ' ಎಂದರೆ 'ಇದು ಮೇಷ್ಟರ ಪುಸ್ತಕ' ಎಂಬ ಪೂರ್ಣ ವಾಕ್ಯವಾಗಿಬಿಡುತ್ತದೆ. 'ಮೇಷ್ಟರ ಈ ಪುಸ್ತಕ' ಎನ್ನಬೇಕಾದರೆ 'ಕಿತಾಬು-ಲ್-ಮುದರ್ರಿಸಿ ಹಾದಾ'. 'ಕಿತಾಬು ಹಾದಾ-ಲ್-ಮುದರ್ರಿಸಿ' ಎಂದರೆ 'ಈ ಮೇಷ್ಟರ ಪುಸ್ತಕ'. ಹಾದಾ ನಡುವೆ ಬರಬಹುದಾದದ್ದು ಅದು ಮೇಷ್ಟರ ಜೊತೆಗಾರನಾಗಿ ಬಂದಾಗ ಮಾತ್ರ.

## ಏಕೆ ಬರುವುದಿಲ್ಲ

ಅರಬಿ ನಾಮಪದದ ಜೊತೆ ಅಲ್, ತನ್ವೀನ್, ಮುದಾಫ್ ಇಲೈಹಿ ಈ ಮೂರರಲ್ಲಿ ಒಂದು ಮಾತ್ರ ಇರಬಹುದು. ಒಂದು ಬಂದರೆ ಉಳಿದೆರಡು ಹೊರಗೆ. 'ಅಲ್-ಕಿತಾಬುನ್' ತಪ್ಪು ಎಂದು ಕಲಿಯುವವರಿಗೆ ಮೊದಲ ವಾರದಲ್ಲೇ ಗೊತ್ತಾಗುತ್ತದೆ. 'ಅಲ್-ಕಿತಾಬು-ಲ್-ಮುದರ್ರಿಸಿ' ತಪ್ಪಾಗುವುದೂ ಅದೇ ನಿಯಮದಿಂದ. ಇವೆರಡನ್ನೂ ಬೇರೆ ಬೇರೆ ನಿಯಮಗಳೆಂದು ಕಲಿಸುವುದರಿಂದಲೇ ಅರ್ಧ ತೊಂದರೆ ಹುಟ್ಟುತ್ತದೆ.

ಕಾರಣವನ್ನು ಅರಬಿ ವೈಯಾಕರಣರು ವಿವರಿಸುವುದು ಹೀಗೆ. ತನ್ವೀನ್ ಎಂದರೆ ನಾಮಪದ ಇಲ್ಲಿಗೆ ಮುಗಿಯಿತು ಎಂಬ ಗುರುತು. ಮುದಾಫ್ ಆದ ಪದ ಮುಗಿದಿಲ್ಲ, ಅದು ಮುಂದಿನ ಪದದೊಡನೆ ಕೂಡಿ ಒಂದೇ ಪದದಂತೆ ಆಗುತ್ತದೆ. ಆದ್ದರಿಂದ ತನ್ವೀನ್ ಬೀಳುತ್ತದೆ, ಅದರ ಜಾಗಕ್ಕೆ ಮುದಾಫ್ ಇಲೈಹಿ ಬಂದು ಕೂರುತ್ತದೆ. ದ್ವಿವಚನ, ಬಹುವಚನಗಳ ನಕಾರ ಬೀಳುವುದಕ್ಕೂ ಇದೇ ವಿವರಣೆ.

ಇನ್ನು ಅಲ್. ಮೇಷ್ಟರು ಗೊತ್ತಿರುವವರಾದರೆ ಪುಸ್ತಕ ಅವರಿಂದಲೇ ಗುರುತಾಗಿದೆ, ಅದಕ್ಕೆ ಇನ್ನೊಂದು ಗುರುತು ಕೊಡುವುದರಲ್ಲಿ ಅರ್ಥವಿಲ್ಲ. ಮೇಷ್ಟರು ಯಾರೋ ಒಬ್ಬರಾದರೆ ಪುಸ್ತಕಕ್ಕೆ ಅಲ್ ಹಾಕುವುದು, ಗೊತ್ತಿರುವ ವಸ್ತುವನ್ನು ಗೊತ್ತಿಲ್ಲದವನ ಹೆಸರಿನಿಂದ ಗುರುತಿಸಲು ಹೊರಟಂತೆ. ಎರಡು ದಾರಿಯಲ್ಲೂ ಅಲ್‌ಗೆ ಕೆಲಸವಿಲ್ಲ.

ಸರ್ವನಾಮದಲ್ಲಿ ಇದು ಇನ್ನೂ ಸ್ಪಷ್ಟ. 'ನನ್ನ ಪುಸ್ತಕ' ಎಂದರೆ 'ಕಿತಾಬೀ'. ಆ 'ಈ'ಕಾರವೇ ಮುದಾಫ್ ಇಲೈಹಿ. 'ಅಲ್-ಕಿತಾಬೀ' ಎಂದು ಯಾವ ಅರಬನೂ ಹೇಳಲಾರ. ಮೇಷ್ಟರ ಪುಸ್ತಕದಲ್ಲಿ ಗೊಂದಲವಾದಾಗ 'ಮೇಷ್ಟರ' ಎಂಬುದನ್ನು ತೆಗೆದು 'ನನ್ನ' ಇಟ್ಟು ನೋಡಿ, ಕಿವಿಯೇ ತಿದ್ದುತ್ತದೆ.

ಕರ್ನಾಟಕದವರ ಕಿವಿಯಲ್ಲಿ ಇದಾಫ ಆಗಲೇ ಇದೆ. ಅಬ್ದುಲ್ ರಹಮಾನ್ ಎಂಬ ಹೆಸರನ್ನು ನಾವು 'ಅಬ್ದುಲ್' ಮತ್ತು 'ರಹಮಾನ್' ಎಂದು ಒಡೆಯುತ್ತೇವೆ. ಅರಬಿಯಲ್ಲಿ ಅದು 'ಅಬ್ದು' ಮತ್ತು 'ಅರ್-ರಹ್ಮಾನ್'. ಅಬ್ದು ಎಂದರೆ ದಾಸ, 'ಉ' ಅವನ ವಿಭಕ್ತಿ. 'ಲ್' ಅವನದಲ್ಲ, ಮುಂದಿನ ಪದದ್ದು. ಈದುಲ್ ಫಿತ್ರ್, ದಾರುಲ್ ಉಲೂಮ್, ನೂರುದ್ದೀನ್ ಎಲ್ಲವೂ ಹೀಗೆಯೇ: ಈದು + ಅಲ್-ಫಿತ್ರ್, ದಾರು + ಅಲ್-ಉಲೂಮ್, ನೂರು + ಅದ್-ದೀನ್. ಕೊನೆಯದರಲ್ಲಿ ಲಕಾರ ದಕಾರಕ್ಕೆ ತಿರುಗಿ ಒತ್ತಾಗಿದೆ. ಹೀಗೆ ಒತ್ತಕ್ಷರವಾಗಿ ಅಡಗಿದ ಅಲ್ ಕಣ್ಣಿಗೆ ಬೀಳದೆ, ಆ ಪದಕ್ಕೆ ಅಲ್ಲೇ ಇಲ್ಲ ಎಂದುಕೊಳ್ಳುವವರು ಬಹಳ. ಬರಹದಲ್ಲಿ ಮಾತ್ರ ಅಲಿಫ್, ಲಾಮ್ ಎರಡೂ ಹಾಗೆಯೇ ಇರುತ್ತವೆ.

## ತಪ್ಪುಗಳು, ಅವನ್ನು ಹಿಡಿಯುವ ಬಗೆ

ಅಲ್ ಎರಡು ಕಡೆ. ಇಂಗ್ಲಿಷ್ ಮೂಲಕ ಅರಬಿ ಕಲಿಯುವವರಲ್ಲಿ ಇದು ಹೆಚ್ಚು. ಇಂಗ್ಲಿಷಿನಲ್ಲಿ 'ದ' ಎರಡು ಸಲ ಬರುವುದರಿಂದ ಅಲ್ ಅನ್ನೂ ಎರಡು ಸಲ ಹಾಕುತ್ತಾರೆ. ಬರೆದದ್ದನ್ನು ಒಮ್ಮೆ ಹೀಗೆ ತೂಗಿ ನೋಡಿ. ಎರಡಕ್ಕೂ ಅಲ್ ಇದ್ದರೆ (ಅಲ್-ಕಿತಾಬು-ಲ್-ಜದೀದು) ಅದು ನಾಮಪದ ಮತ್ತು ವಿಶೇಷಣ. ಮೊದಲನೆಯದಕ್ಕೆ ಮಾತ್ರ ಇದ್ದರೆ (ಅಲ್-ಕಿತಾಬು ಜದೀದುನ್) ಅದು 'ಪುಸ್ತಕ ಹೊಸದು' ಎಂಬ ವಾಕ್ಯ. ಎರಡನೆಯದಕ್ಕೆ ಮಾತ್ರ ಇದ್ದರೆ ಇದಾಫ. ಎರಡಕ್ಕೂ ಇಲ್ಲದಿದ್ದರೆ ಮೊದಲ ಪದದ ತನ್ವೀನ್ ನೋಡಿ: ತನ್ವೀನ್ ಇದ್ದರೆ (ಕಿತಾಬುನ್ ಜದೀದುನ್) ವಿಶೇಷಣದ ಜೋಡಿ, ಇಲ್ಲದಿದ್ದರೆ (ಕಿತಾಬು ಮುದರ್ರಿಸಿನ್) ಇದಾಫ.

ಕೊಲ್ಲಿಯ ಆಡುಮಾತು. ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು 'ಸಯ್ಯಾರ ಮಾಲ್ ಮುದೀರ್' ಎಂಬ ಧಾಟಿಯ ಮಾತನ್ನು ದಿನವೂ ಕೇಳುತ್ತಾರೆ. 'ಮಾಲ್' ಅಥವಾ 'ಹಗ್' ಎಂಬ ಪದ ನಡುವೆ ನಿಂತು ನಮ್ಮ ಷಷ್ಠಿಯ ಕೆಲಸ ಮಾಡುತ್ತದೆ. ಅಲ್ಲಿ ಮೊದಲ ಪದಕ್ಕೂ ಅಲ್ ಬರಬಹುದು, ಏಕೆಂದರೆ ಅದು ಇದಾಫವಲ್ಲ. ಆ ಅಲ್ ಅನ್ನು ಹಾಗೆಯೇ ಇಟ್ಟುಕೊಂಡು, ಬರೆಯುವಾಗ 'ಮಾಲ್' ಒಂದನ್ನು ತೆಗೆದರೆ ತಪ್ಪು ಹುಟ್ಟುತ್ತದೆ.

'ಮೇಷ್ಟರ ಒಂದು ಪುಸ್ತಕ'. ಮೇಷ್ಟರು ಗೊತ್ತಿರುವವರು, ಪುಸ್ತಕ ಯಾವುದೋ ಒಂದು. ಇದನ್ನು ಇದಾಫದಲ್ಲಿ ಹೇಳಲು ದಾರಿಯೇ ಇಲ್ಲ, ಏಕೆಂದರೆ ಕೊನೆಯ ಪದ ನಿರ್ದಿಷ್ಟವಾದರೆ ಮೊದಲನೆಯದೂ ನಿರ್ದಿಷ್ಟವಾಗುತ್ತದೆ. ಇಲ್ಲಿ 'ಲಿ' ಎಂಬ ಉಪಸರ್ಗ ಬೇಕು: ಕಿತಾಬುನ್ ಲಿಲ್-ಮುದರ್ರಿಸಿ. ಕನ್ನಡದಲ್ಲಿ 'ಒಂದು' ಎಂದು ಬಾಯಿಗೆ ಬಂದರೆ, ಅದು ಪುಸ್ತಕಕ್ಕೆ ಸೇರಿದ್ದೋ ಮೇಷ್ಟರಿಗೋ ಎಂದು ನಿಂತು ಕೇಳಿಕೊಳ್ಳಿ.

ಎರಡು ಒಡವೆ, ಒಬ್ಬ ಒಡೆಯ. 'ಮೇಷ್ಟರ ಪುಸ್ತಕ ಮತ್ತು ಪೆನ್ನು' ಎನ್ನಲು 'ಕಿತಾಬು ವ ಕಲಮು-ಲ್-ಮುದರ್ರಿಸಿ' ಎಂದು ಬರೆಯುತ್ತಾರೆ. ಪತ್ರಿಕೆಗಳಲ್ಲಿ ಈ ಬಗೆ ಕಾಣಸಿಗುತ್ತದೆ, ಆದರೆ ಒಪ್ಪವಾದ ಬರಹ 'ಕಿತಾಬು-ಲ್-ಮುದರ್ರಿಸಿ ವ ಕಲಮುಹು': ಮೇಷ್ಟರ ಪುಸ್ತಕ, ಅವರ ಪೆನ್ನು. ಕಲಿಯುವಾಗ ಇದನ್ನೇ ರೂಢಿಸಿಕೊಳ್ಳಿ.

## ಒಂದು ಉದಾಹರಣೆ, ಮೊದಲಿಂದ ಕೊನೆಯವರೆಗೆ

'ಕಂಪನಿಯ ಮ್ಯಾನೇಜರರ ಹೊಸ ಕಾರಿನ ಕೀಲಿ' ಎಂಬುದನ್ನು ಕಟ್ಟೋಣ.

ಮೊದಲು ವಿಶೇಷಣವನ್ನು ಪಕ್ಕಕ್ಕಿಟ್ಟು ಕ್ರಮ ತಿರುಗಿಸಿ: ಮಿಫ್ತಾಹ್, ಸಯ್ಯಾರ, ಮುದೀರ್, ಶರಿಕ. ಕೊನೆಯ ಪದ ಶರಿಕ, ಎಂದರೆ ಕಂಪನಿ. ಅದು ಗೊತ್ತಿರುವ ಕಂಪನಿ, ಆದ್ದರಿಂದ 'ಅಶ್-ಶರಿಕತಿ'. ಉಳಿದ ಮೂರರಿಂದ ಅಲ್ ಮತ್ತು ತನ್ವೀನ್ ಎರಡನ್ನೂ ಕಳಚಿ. ನಡುವಿನ ಎರಡು ಪದಗಳಿಗೆ ಎರಡೆರಡು ಪಾತ್ರ: ಹಿಂದಿನದಕ್ಕೆ ಅವು ಮುದಾಫ್ ಇಲೈಹಿ, ಆದ್ದರಿಂದ 'ಇ'ಕಾರ. ಮುಂದಿನದಕ್ಕೆ ಮುದಾಫ್, ಆದ್ದರಿಂದ ಅಲ್ ಇಲ್ಲ. ವಿಭಕ್ತಿ ಬದಲಾಗುವುದು ಕೀಲಿಗೆ ಮಾತ್ರ. ಅದು ಕರ್ತೃ ಎಂದುಕೊಂಡರೆ:

ಮಿಫ್ತಾಹು ಸಯ್ಯಾರತಿ ಮುದೀರಿ-ಶ್-ಶರಿಕತಿ.

ನಾಲ್ಕು ನಾಮಪದ, ಒಂದೇ ಅಲ್. ಸರಪಳಿ ಎಷ್ಟೇ ಉದ್ದವಿರಲಿ, ಅಲ್ ಕೊನೆಯಲ್ಲಿ ಒಂದೇ.

ಈಗ 'ಹೊಸ' ಸೇರಿಸಿ. ಕಾರು ಸ್ತ್ರೀಲಿಂಗ, 'ಇ'ಕಾರದಲ್ಲಿದೆ, ನಿರ್ದಿಷ್ಟ. ಹಾಗಾದರೆ ವಿಶೇಷಣ 'ಅಲ್-ಜದೀದತಿ', ಜಾಗ ಎಲ್ಲಕ್ಕಿಂತ ಕೊನೆ: ಮಿಫ್ತಾಹು ಸಯ್ಯಾರತಿ ಮುದೀರಿ-ಶ್-ಶರಿಕತಿ-ಲ್-ಜದೀದತಿ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಕಂಪನಿಯೂ ಸ್ತ್ರೀಲಿಂಗ, ಅದೂ 'ಇ'ಕಾರದಲ್ಲಿದೆ. ಓದುವವರು ಇದನ್ನು 'ಹೊಸ ಕಂಪನಿ' ಎಂದೇ ತಿಳಿಯುತ್ತಾರೆ, ಏಕೆಂದರೆ ಅದೇ ಹತ್ತಿರದ ಪದ. ಸ್ವರ ಗುರುತುಗಳಿಲ್ಲದ ಮಾಮೂಲಿ ಬರಹದಲ್ಲಿ ಇಂಥ ಗೊಂದಲ ಇನ್ನೂ ಹೆಚ್ಚು.

ಇಲ್ಲಿ ಸರಪಳಿಯನ್ನು ಒಂದು ಕಡೆ ಕಡಿದು 'ಲಿ' ಹಾಕಬೇಕು: ಮಿಫ್ತಾಹು-ಸ್-ಸಯ್ಯಾರತಿ-ಲ್-ಜದೀದತಿ ಲಿ-ಮುದೀರಿ-ಶ್-ಶರಿಕತಿ. ಈಗ ಕಾರು ತನ್ನ ಇದಾಫದ ಕೊನೆಯ ಪದವಾಯಿತು, ಆದ್ದರಿಂದ ಅಲ್ ಪಡೆಯಿತು, ತನ್ನ ವಿಶೇಷಣವನ್ನೂ ಪಕ್ಕದಲ್ಲೇ ಇಟ್ಟುಕೊಂಡಿತು. ನಿಯಮವನ್ನು ಅಕ್ಷರಶಃ ಪಾಲಿಸಿದರೂ ಅರ್ಥ ಕೆಡುವ ಇಂಥ ಕಡೆ 'ಲಿ' ಬಳಸಲು ಹಿಂಜರಿಯಬೇಡಿ. ಮೂರಕ್ಕಿಂತ ಹೆಚ್ಚು ನಾಮಪದಗಳು ಸಾಲಾಗಿ ನಿಂತರೆ ಅದೇ ಎಚ್ಚರಿಕೆಯ ಗಂಟೆ ಎಂದುಕೊಳ್ಳಿ.

## ಅಲ್ ಕಂಡರೂ ತಪ್ಪಲ್ಲದ ಒಂದು ಜಾಗ

ಓದುತ್ತ ಹೋದಾಗ 'ಅರ್-ರಜುಲು-ಲ್-ಹಸನು-ಲ್-ವಜ್ಹಿ' ಎಂಬಂಥ ಮಾತು ಸಿಗುತ್ತದೆ: ಚೆಲುವಾದ ಮುಖದ ಆ ಗಂಡಸು. 'ಹಸನು' ಎಂಬುದು 'ವಜ್ಹಿ'ಗೆ ಮುದಾಫ್ ಆಗಿದೆ, ಆದರೂ ಅದಕ್ಕೆ ಅಲ್ ಇದೆ. ಇದು ಹೇಗೆ?

ಇಲ್ಲಿ ಮುದಾಫ್ ಆಗಿರುವುದು ನಾಮಪದವಲ್ಲ, ವಿಶೇಷಣ. ಮುಖಕ್ಕೂ ಚೆಲುವಿಗೂ ಒಡೆತನದ ಸಂಬಂಧವಿಲ್ಲ, ಮುಖ ಚೆಲುವಾಗಿದೆ ಎಂದಷ್ಟೇ ಅರ್ಥ. ಅರಬಿ ವ್ಯಾಕರಣ ಇದನ್ನು ಇದಾಫ ಲಫ್ದಿಯ್ಯ, ಎಂದರೆ ರೂಪದಲ್ಲಿ ಮಾತ್ರ ಇದಾಫ ಎಂದು ಬೇರೆ ಇಡುತ್ತದೆ. ಇಂಥ ಜೋಡಿಯಲ್ಲಿ ಮುದಾಫ್ ತನ್ನ ನಿರ್ದಿಷ್ಟತೆಯನ್ನು ಮುದಾಫ್ ಇಲೈಹಿಯಿಂದ ಪಡೆಯುವುದಿಲ್ಲ. ಅದು 'ಅರ್-ರಜುಲು' ಎಂಬ ನಿರ್ದಿಷ್ಟ ಪದಕ್ಕೆ ವಿಶೇಷಣವಾಗಿ ನಿಂತಿದ್ದರಿಂದ ಅಲ್ ಅನ್ನು ತಾನೇ ತಂದುಕೊಳ್ಳಬೇಕಾಯಿತು. 'ಯಾರೋ ಒಬ್ಬ' ಎಂದಾದರೆ ಅಲ್ ಇರುವುದಿಲ್ಲ: ರಜುಲುನ್ ಹಸನು-ಲ್-ವಜ್ಹಿ. ಮುದಾಫ್ ಇಲೈಹಿಗೆ ಅಲ್ ಇದ್ದರೂ ಇಡೀ ಜೋಡಿ ಅನಿರ್ದಿಷ್ಟವಾಗಿಯೇ ಉಳಿದಿದೆ.

ಗುರುತಿಸುವುದು ಸುಲಭ. ಮೊದಲ ಪದ ವಸ್ತುವೋ ಗುಣವೋ ಕೇಳಿ. ಪುಸ್ತಕ, ಕೀಲಿ, ಬಾಗಿಲು ಎಂಬಂಥ ವಸ್ತುವಾಗಿದ್ದರೆ ಹಂತ 3ರ ನಿಯಮಕ್ಕೆ ವಿನಾಯಿತಿ ಇಲ್ಲ. ಚೆಲುವಾದ, ಉದ್ದವಾದ ಎಂಬಂಥ ಗುಣವಾಗಿದ್ದರೆ ಅದಕ್ಕೂ ಹಿಂದೆ ಯಾವ ನಾಮಪದವಿದೆ ಎಂದು ಹುಡುಕಿ, ಅಲ್ ಬೇಕೋ ಬೇಡವೋ ಎಂಬುದನ್ನು ಆ ಪದ ಹೇಳುತ್ತದೆ.